ಯಾವ ಸರ್ಟಿಫಿಕೇಟಿಗೆ ದುಡ್ಡು ಕಟ್ಟಬೇಕು?

ಕ್ಲೌಡ್ ಕೆಲಸ ಬೇಕಾ?
ಎಡಬ್ಲ್ಯೂಎಸ್‌ನ ಯಾವ ಪರೀಕ್ಷೆಗೆ ದುಡ್ಡು ಕಟ್ತೀರಾ?

ಒಂದು, ಕ್ಲೌಡ್ ಪ್ರಾಕ್ಟೀಷನರ್.
ಫೀಸು 100 ಡಾಲರ್.
ಯಾವ ಸೇವೆ ಏನು ಮಾಡುತ್ತೆ ಅಂತ ಕೇಳ್ತಾರೆ, ಹೆಚ್ಚುಕಮ್ಮಿ ಅಷ್ಟೇ.
ಇದನ್ನ ತೋರಿಸಿ ಎಂಜಿನಿಯರ್ ಕೆಲಸ ಕೇಳೋದು,
ಎಲ್‌ಎಲ್ ಹಿಡ್ಕೊಂಡು ಬಸ್ ಓಡಿಸ್ತೀನಿ ಅಂದ ಹಾಗೆ.

ಇನ್ನೊಂದು, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್.
150 ಡಾಲರ್.
ಇಲ್ಲಿ ಪ್ರಶ್ನೆಯೇ ಬೇರೆ.
ಒಂದು ಡೇಟಾ ಸೆಂಟರ್ ಕೈಕೊಟ್ರೂ ಸೈಟ್ ನಿಲ್ಲಬಾರದು,
ಖರ್ಚೂ ಏರಬಾರದು. ಹೇಗೆ ಕಟ್ತೀರಾ?
ಮೊದಲನೇದು ಬರೀದೇ ನೇರ ಇದಕ್ಕೇ ಕೂರಬಹುದು.

ಆದ್ರೆ ಇದೂ ಉತ್ತರ ಆರಿಸೋ ಪರೀಕ್ಷೆ.
ಬಾಯಿಪಾಠ ಮಾಡಿದ್ರೆ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳ್ತೀರಾ.
ಪುಟ್ಟದೊಂದು ಸೈಟ್ ನೀವೇ ಕಟ್ಟಿ ನೋಡಿ.

ದುಡ್ಡು ಕಟ್ಟೋ ಮುಂಚೆ,
ನಿಮಗೆ ಬೇಕಾದ ಕೆಲಸದ 20 ಜಾಹೀರಾತು ಓದಿ.
ಆ ಸರ್ಟಿಫಿಕೇಟಿನ ಹೆಸರು ಎಷ್ಟರಲ್ಲಿದೆ, ಎಣಿಸಿ.
ಒಂದರಲ್ಲೂ ಇಲ್ವಾ?
ಕಾರ್ಡು ಜೇಬಲ್ಲೇ ಇರಲಿ.