ಮೂರು ಸಾಲು ಬಿಟ್ಟು ಮೂರು ಸಾಲು

ಹಳೆಯ ಲೆಕ್ಕದ ಹಾಳೆಯೊಂದನ್ನು ಸ್ಕ್ಯಾನ್ ಮಾಡಿ ಓಸಿಆರ್‌ಗೆ ಕೊಟ್ಟಿದ್ದೀರಿ. ಮೊದಲ ಮೂರು ಸಾಲು ಸರಿಯಾಗಿ ಬಂದಿವೆ, ಮುಂದಿನ ಮೂರರ ಸುಳಿವೇ ಇಲ್ಲ. ಮತ್ತೆ ಮೂರು ಇವೆ, ಮತ್ತೆ ಮೂರು ಇಲ್ಲ. ಹೀಗೆ ಅಳತೆ ಹಿಡಿದಂತೆ ಸಾಲುಗಳು ಮಾಯವಾಗಿದ್ದರೆ ಅಕ್ಷರಗಳ ಮೇಲೆ ಅನುಮಾನ ಪಡಬೇಕಾಗಿಲ್ಲ. ತಪ್ಪು ಹಾಳೆಯ ಪಟ್ಟೆಯಲ್ಲಿದೆ.

ಲೈನ್ ಪ್ರಿಂಟರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳ ಕಾಲದಲ್ಲಿ ಎರಡೂ ಅಂಚಿಗೆ ತೂತುಗಳಿದ್ದ ಉದ್ದನೆಯ ಮಡಿಕೆ ಕಾಗದ ಬರುತ್ತಿತ್ತು. ಅದರ ಮೇಲೆ ಅರ್ಧ ಇಂಚು ತಿಳಿಹಸಿರು, ಅರ್ಧ ಇಂಚು ಬಿಳಿ ಎಂದು ಪಟ್ಟೆಗಳಿರುತ್ತಿದ್ದವು. ಇಂಚಿಗೆ ಆರು ಸಾಲಿನಂತೆ ಅಚ್ಚಾದಾಗ ಒಂದೊಂದು ಪಟ್ಟೆಗೆ ಮೂರು ಸಾಲು. ಎಡತುದಿಯ ಹೆಸರಿನಿಂದ ಬಲತುದಿಯ ಮೊತ್ತದವರೆಗೆ ಕಣ್ಣು ಜಾರದಿರಲಿ ಎಂದು ಮಾಡಿದ ಏರ್ಪಾಡು ಅದು. ಇಂದಿನ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಲ್ಲಿ, ಎಕ್ಸೆಲ್ ಪಟ್ಟಿಗಳಲ್ಲಿ ಒಂದು ಬಿಟ್ಟು ಒಂದು ಸಾಲಿಗೆ ಬೂದು ಬಣ್ಣ ತುಂಬುವುದೂ ಅದೇ ಕಾರಣಕ್ಕೆ. ಮನುಷ್ಯನ ಕಣ್ಣಿಗೆ ಅನುಕೂಲವಾದದ್ದೇ ಯಂತ್ರಕ್ಕೆ ತೊಡಕಾಯಿತು.

ಏಕೆಂದರೆ ಹಲವು ಓಸಿಆರ್ ತಂತ್ರಾಂಶಗಳು ಸಾಲು ಎಲ್ಲಿದೆ ಎಂದು ಹುಡುಕುವ ಮೊದಲು ಚಿತ್ರವನ್ನು ಅಪ್ಪಟ ಕಪ್ಪು-ಬಿಳುಪಿಗೆ ಇಳಿಸುತ್ತವೆ. ಸ್ಕ್ಯಾನ್ ಚಿತ್ರದ ಪ್ರತಿ ಚುಕ್ಕೆಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ: 0 ಕಡುಕಪ್ಪು, 255 ಅಚ್ಚಬಿಳಿ. ನಡುವೆ ಎಲ್ಲೋ ಒಂದು ಗಡಿ ಹಾಕಿ, ಅದಕ್ಕಿಂತ ಕೆಳಗಿನದೆಲ್ಲ ಶಾಯಿ, ಮೇಲಿನದೆಲ್ಲ ಕಾಗದ ಎಂದು ತೀರ್ಮಾನಿಸಬೇಕು. ಆ ಗಡಿಯನ್ನು ತಾನಾಗಿ ಕಂಡುಕೊಳ್ಳುವ ಹೆಸರಾಂತ ವಿಧಾನವನ್ನು ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದರು. ಚುಕ್ಕೆಗಳನ್ನು ಎರಡು ಗುಂಪು ಮಾಡಿ, ಗುಂಪುಗಳ ಸರಾಸರಿಗಳ ನಡುವಿನ ಅಂತರವನ್ನೂ ಗುಂಪುಗಳ ಗಾತ್ರವನ್ನೂ ಸೇರಿಸಿ ಲೆಕ್ಕ ಹಾಕುವುದು, ಅತಿ ಹೆಚ್ಚು ಅಂಕ ಬಂದಲ್ಲಿ ಗಡಿ ಹಾಕುವುದು. ಉಚಿತವಾಗಿ ಸಿಗುವ ಟೆಸೆರ್ಯಾಕ್ಟ್‌ನ ಮಾಮೂಲು ವಿಧಾನವೂ ಇದೇ.

ಪಟ್ಟೆ ಹಾಳೆಯಲ್ಲಿ ಇದು ಎಡವುವ ಬಗೆಯನ್ನು ಲೆಕ್ಕ ಹಾಕಿಯೇ ನೋಡೋಣ. ಪುಟದ ಅರ್ಧ ಭಾಗ ಬಿಳಿ, ಅಂಕಿ 245. ನೂರಕ್ಕೆ 45 ಪಾಲು ಪಟ್ಟೆ, ಅಂಕಿ 190. ಉಳಿದ 5 ಪಾಲು ಮಾತ್ರ ಶಾಯಿ. ರಿಬ್ಬನ್ ಹೊಸದಾಗಿದ್ದು ಶಾಯಿಯ ಅಂಕಿ 60 ಇದ್ದರೆ, ಶಾಯಿಗೂ ಉಳಿದದ್ದಕ್ಕೂ ನಡುವೆ ಗಡಿ ಹಾಕಿದಾಗ 1200 ಅಂಕ ಬರುತ್ತದೆ. ಪಟ್ಟೆಗೂ ಬಿಳಿಗೂ ನಡುವೆ ಹಾಕಿದರೆ 1156. ಸರಿಯಾದ ಗಡಿಯೇ ಗೆಲ್ಲುತ್ತದೆ, ಆದರೆ ಕೂದಲೆಳೆಯಲ್ಲಿ. ಈಗ ರಿಬ್ಬನ್ ಸವೆದು ಶಾಯಿ 80ಕ್ಕೆ ಏರಿತೆನ್ನಿ; ಬರಿಗಣ್ಣಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಸರಿಯಾದ ಗಡಿಯ ಅಂಕ 917ಕ್ಕೆ ಕುಸಿಯುತ್ತದೆ, ತಪ್ಪು ಗಡಿಯದು 1089ರಲ್ಲಿ ನಿಲ್ಲುತ್ತದೆ. ಪಟ್ಟೆಯನ್ನೆಲ್ಲ ಶಾಯಿಯ ಗುಂಪಿಗೆ ತಳ್ಳಿಬಿಡುತ್ತದೆ ಯಂತ್ರ. ಅಕ್ಷರ ಸಮೇತ ಇಡೀ ಪಟ್ಟೆ ಕಪ್ಪು. ಅಲ್ಲಿ ಸಾಲಿದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ಒಂದೇ ಕಡತದ ಹತ್ತನೇ ಪುಟ ಚೆನ್ನಾಗಿ ಬಂದು ಹದಿನೈದನೆಯದು ಕೈಕೊಡುವುದರ ಗುಟ್ಟು ಇದು.

ಊಹೆ ಮಾಡುವುದಕ್ಕಿಂತ ಯಂತ್ರ ಕಂಡದ್ದನ್ನೇ ತೆರೆದು ನೋಡುವುದು ಲೇಸು. ಟೆಸೆರ್ಯಾಕ್ಟ್‌ಗೆ `-c tessedit_write_images=1` ಎಂದು ಸೇರಿಸಿದರೆ ತಾನು ತಯಾರಿಸಿಕೊಂಡ ಕಪ್ಪು-ಬಿಳುಪು ಚಿತ್ರವನ್ನು ಕಡತವಾಗಿ ಉಳಿಸುತ್ತದೆ. ಪಟ್ಟೆ ಕರಿಹಲಗೆಯಂತೆ ಕಂಡರೆ ರೋಗ ಪತ್ತೆಯಾದಂತೆ.

ಮೂಲ ಹಾಳೆಯೇ ಕೈಯಲ್ಲಿದ್ದರೆ ಮದ್ದು ಸುಲಭ: ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರಗಳಿರುತ್ತವೆ. ತಿಳಿಹಸಿರು ಪಟ್ಟೆಯ ಅಂಕಿಗಳು 180, 225, 180 ಎಂದಿದ್ದರೆ, ಮಾಮೂಲಿನಂತೆ ಬೂದುಬಣ್ಣಕ್ಕೆ ಇಳಿಸಿದಾಗ ಅದು ಸುಮಾರು 206 ಆಗುತ್ತದೆ. ಹಸಿರು ಪದರವನ್ನಷ್ಟೇ ತೆಗೆದುಕೊಂಡರೆ 225, ಬಿಳಿಗೆ ಹತ್ತಿರ. ಕೆಂಪು ಪದರ ತೆಗೆದುಕೊಂಡರೆ 180ಕ್ಕೆ ಇಳಿದು ಇನ್ನಷ್ಟು ಹದಗೆಡುತ್ತದೆ. ಕಪ್ಪು ಶಾಯಿ ಮಾತ್ರ ಮೂರರಲ್ಲೂ ಕಪ್ಪೇ. ಗುಲಾಬಿ ಖಾನೆಗೆ ಕೆಂಪು ಪದರ, ತಿಳಿನೀಲಿಗೆ ನೀಲಿ. ಒಂದೇ ಪುಟದಲ್ಲಿ ಹಲವು ಬಣ್ಣದ ಖಾನೆಗಳಿದ್ದರೆ ಪ್ರತಿ ಚುಕ್ಕೆಯಲ್ಲೂ ಮೂರರಲ್ಲಿ ದೊಡ್ಡ ಅಂಕಿಯನ್ನು ಆರಿಸಿಕೊಳ್ಳಬಹುದು. ಆದರೆ ಸಾಲದ ಬಾಕಿಯನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿದ್ದರೆ ಆ ಬಾಕಿಯೂ ಬಣ್ಣದ ಜೊತೆ ತೊಳೆದುಹೋಗುತ್ತದೆ. ಸಾಲಗಾರರಿಗೆ ಖುಷಿಯಾದೀತು, ಲೆಕ್ಕ ಪರಿಶೋಧಕರಿಗಲ್ಲ.

ಕೈಗೆ ಸಿಕ್ಕಿರುವುದು ಝೆರಾಕ್ಸ್ ಪ್ರತಿಯಾದರೆ ಬಣ್ಣವೇ ಇಲ್ಲ, ಪದರದ ಉಪಾಯ ನಡೆಯದು. ಆಗ ನನ್ನ ಮೊದಲ ಆಯ್ಕೆ ಹಿನ್ನೆಲೆಯಿಂದ ಭಾಗಿಸುವುದು. ಅಕ್ಷರಗಳನ್ನು ಅಳಿಸಿ ಪಟ್ಟೆಗಳಷ್ಟೇ ಉಳಿಯುವಂಥ ಚಿತ್ರವೊಂದನ್ನು ತಯಾರಿಸಿ, ಮೂಲ ಚಿತ್ರದ ಪ್ರತಿ ಚುಕ್ಕೆಯನ್ನೂ ಅದರ ಹಿನ್ನೆಲೆಯ ಅಂಕಿಯಿಂದ ಭಾಗಿಸಿ 255ರಿಂದ ಗುಣಿಸಬೇಕು. ಪಟ್ಟೆಯಲ್ಲಿ 190ನ್ನು 190ರಿಂದಲೇ ಭಾಗಿಸಿದಾಗ 255, ಅಂದರೆ ಬಿಳಿ. ಅದರ ಮೇಲಿನ 80 ಈಗ 107. ಬಿಳಿ ಭಾಗದ 80 ಈಗ 83. ಒಂದೇ ಗಡಿ ಇಡೀ ಪುಟಕ್ಕೆ ಸಾಕು. ಓಪನ್‌ಸಿವಿಯಲ್ಲಿ ಎರಡೇ ಸಾಲು:

```
bg = cv2.morphologyEx(g, cv2.MORPH_CLOSE, np.ones((21,21), np.uint8))
out = cv2.divide(g, bg, scale=255)
```

ಇಲ್ಲಿ 21 ಎಂಬುದು ಅಕ್ಷರ ಅಳಿಸುವ ಚೌಕದ ಅಳತೆ, ಎಚ್ಚರ ಬೇಕಾದದ್ದೂ ಅಲ್ಲೇ. 300 ಡಿಪಿಐ ಸ್ಕ್ಯಾನ್‌ನಲ್ಲಿ ಅಕ್ಷರದ ಗೆರೆ ನಾಲ್ಕೈದು ಚುಕ್ಕೆ ದಪ್ಪ, ಅರ್ಧ ಇಂಚಿನ ಪಟ್ಟೆ 150 ಚುಕ್ಕೆ ಎತ್ತರ. ಚೌಕ ಗೆರೆಗಿಂತ ದೊಡ್ಡದಿರಬೇಕು, ಪಟ್ಟೆಗಿಂತ ಚಿಕ್ಕದಿರಬೇಕು. 3 ಎಂದು ಕೊಟ್ಟರೆ ಅಕ್ಷರವೇ ಹಿನ್ನೆಲೆಯಲ್ಲಿ ಉಳಿದು, ಭಾಗಿಸಿದಾಗ ಶಾಯಿ ಬೆಳ್ಳಗಾಗುತ್ತದೆ. 181 ಕೊಟ್ಟರೆ ಅಕ್ಷರದ ಜೊತೆಗೆ ಪಟ್ಟೆಯೂ ಅಳಿದು ಹಿನ್ನೆಲೆಯೆಲ್ಲ ಬಿಳಿಯಾಗುತ್ತದೆ, ಭಾಗಿಸಿದ್ದಕ್ಕೆ ಫಲವೇ ಇರುವುದಿಲ್ಲ. ಕಡುಬಣ್ಣದ ಮೇಲೆ ಬಿಳಿ ಅಕ್ಷರವಿರುವ ಶೀರ್ಷಿಕೆ ಸಾಲಿಗೆ ಈ ಮದ್ದು ಹಿಡಿಸದು. ಆ ತುಣುಕನ್ನು ಕತ್ತರಿಸಿ ಕಪ್ಪು-ಬಿಳುಪು ಅದಲುಬದಲು ಮಾಡಿ ಬೇರೆಯಾಗಿ ಓದಿಸಬೇಕು.

ಕೋಡ್ ಬರೆಯಲು ಇಷ್ಟವಿಲ್ಲದವರು ಟೆಸೆರ್ಯಾಕ್ಟ್ 5ರಲ್ಲಿ `-c thresholding_method=2` ಕೊಟ್ಟು ನೋಡಬಹುದು. ಇದು ಫಿನ್ಲೆಂಡಿನ ಸೌವೋಲಾ ಅವರ ವಿಧಾನ. ಇಡೀ ಪುಟಕ್ಕೆ ಒಂದೇ ಗಡಿ ಹಾಕದೆ ಪ್ರತಿ ಚುಕ್ಕೆಗೂ ಅದರ ನೆರೆಹೊರೆ ನೋಡಿ ಗಡಿ ಹಾಕುತ್ತದೆ. ಪಟ್ಟೆಗಳಿಗೆ ಒಳ್ಳೆಯದೇ. ಆದರೆ ಶಾಯಿ ತೀರಾ ಮಾಸಿದ್ದರೆ ಅದನ್ನು ಕಾಗದವೆಂದೇ ಬಗೆದು ಬಿಟ್ಟುಬಿಡುವ ಸ್ವಭಾವ ಇದಕ್ಕಿದೆ.

ಝೆರಾಕ್ಸ್‌ನಲ್ಲಿ ಇನ್ನೊಂದು ಕಾಟವಿದೆ. ತಿಳಿಬಣ್ಣ ಅಲ್ಲಿ ಸಣ್ಣ ಸಣ್ಣ ಕರಿಚುಕ್ಕೆಗಳಾಗಿ ಒಡೆದಿರುತ್ತದೆ. ಅವು ಅಂಕಿಗಳ ನಡುವೆ ದಶಮಾಂಶ ಬಿಂದುವಿನ ವೇಷ ಹಾಕುತ್ತವೆ. ಸಣ್ಣ ಚುಕ್ಕೆಗಳನ್ನೆಲ್ಲ ಗುಡಿಸಿ ಹಾಕುವ ಸೌಲಭ್ಯ ಹಲವು ಸ್ಕ್ಯಾನರ್‌ಗಳಲ್ಲಿದೆ, ಆದರೆ ಅದನ್ನು ಜೋರಾಗಿ ಬಳಸಿದರೆ ನಿಜವಾದ ಬಿಂದುವೂ ಹೋಗಿ 1,250.00 ರೂಪಾಯಿ 1,25,000 ಆಗುತ್ತದೆ. ಗಡಿ ಹಾಕುವ ಮೊದಲು ಚಿತ್ರವನ್ನು ತುಸುವೇ ಮಸುಕು ಮಾಡಿ ಚುಕ್ಕೆಗಳನ್ನು ಬೂದುಬಣ್ಣವಾಗಿ ಕರಗಿಸುವುದು ಇದಕ್ಕಿಂತ ಸುರಕ್ಷಿತ.

ಇಷ್ಟಾದ ಮೇಲೆ ಫಲಿತಾಂಶವನ್ನು ಪರೀಕ್ಷಿಸಲು ಲೆಕ್ಕದ ಹಾಳೆಯಲ್ಲೇ ದಾರಿಯಿದೆ. ಹಿಂದಿನ ಸಾಲಿನ ಶಿಲ್ಕಿಗೆ ಜಮಾ ಕೂಡಿಸಿ ಖರ್ಚು ಕಳೆದರೆ ಈ ಸಾಲಿನ ಶಿಲ್ಕು ಬರಬೇಕು. ಬಿಂದು ತಪ್ಪಿದರೂ ಸಾಲು ಬಿಟ್ಟುಹೋದರೂ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಖಾತೆ ಸಂಖ್ಯೆ, ತಾರೀಖು, ಹೆಸರುಗಳನ್ನು ಕೂಡಿ ಕಳೆದು ನೋಡಲಾಗದು. ಪಟ್ಟೆಯ ಮೇಲೆ ಬಿದ್ದ ಆ ಮೂರು ಖಾನೆಗಳನ್ನು ಮಾತ್ರ ಮೂಲದ ಪಕ್ಕದಲ್ಲಿಟ್ಟು ಕಣ್ಣಿನಿಂದಲೇ ತಾಳೆ ನೋಡಬೇಕು.