ತಡವಾದ ಸರಕು ಮತ್ತು ಕ್ಷಮಾಪಣೆ ಪತ್ರ

ರಫ್ತು ವ್ಯಾಪಾರದಲ್ಲಿ ಗಡುವು ತಪ್ಪಿದಾಗ ಬರೆಯುವ ಪತ್ರಕ್ಕೆ ಎರಡು ಕೆಲಸಗಳಿವೆ. ಆದದ್ದನ್ನು ಒಪ್ಪಿಕೊಳ್ಳುವುದು ಮೊದಲನೆಯದು, ಅದು ಮರುಕಳಿಸದಂತೆ ಏನು ಬದಲಾಯಿತು ಎಂದು ತೋರಿಸುವುದು ಎರಡನೆಯದು. ಇವುಗಳ ನಡುವೆ ಖರೀದಿದಾರ ಮೊದಲು ಹುಡುಕುವುದು ಒಂದೇ ಸಾಲು: ಸರಕು ಯಾವ ದಿನ ಹಡಗು ಹತ್ತುತ್ತದೆ?

ಬೆಂಗಳೂರಿನ ಒಂದು ಗಾರ್ಮೆಂಟ್ ಘಟಕವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಜರ್ಮನಿಯ ಖರೀದಿದಾರನಿಗೆ 12,000 ಹತ್ತಿಯ ಶರ್ಟುಗಳನ್ನು ಚೆನ್ನೈ ಬಂದರಿನಿಂದ ಕಳಿಸಬೇಕು, ಕೊನೆಯ ದಿನ ಜೂನ್ 15. ಬಿಳಿಯ 7,000 ಶರ್ಟುಗಳು ಸಿದ್ಧವಾಗಿವೆ. ಉಳಿದ 5,000 ನೀಲಿ ಶರ್ಟುಗಳ ಬಟ್ಟೆ ಮೇ 30ರಂದು ಡೈಯಿಂಗ್ ಘಟಕದಿಂದ ಬಂದಾಗ, ಅದರ ಬಣ್ಣ ಒಪ್ಪಿದ ಮಾದರಿಗಿಂತ ಗಾಢವಾಗಿದೆ. ಮತ್ತೆ ಬಣ್ಣ ಹಾಕಿಸಬೇಕು, ಬಟ್ಟೆ ಕೈಗೆ ಸಿಗುವುದು ಜೂನ್ 8ಕ್ಕೆ.

ಪತ್ರ ಬರೆಯಬೇಕಾದ ದಿನ ಜೂನ್ 16 ಅಲ್ಲ, ಮೇ 31. ಎರಡು ವಾರ ಮೊದಲೇ ತಿಳಿದರೆ ಖರೀದಿದಾರ ಅಂಗಡಿಗಳಿಗೆ ಸರಕು ಹಂಚುವ ಯೋಜನೆಯನ್ನು ಬದಲಿಸಿಕೊಳ್ಳಬಲ್ಲ. ಗಡುವು ದಾಟಿದ ಮೇಲೆ ತಿಳಿದರೆ ಅವನಿಗೆ ಉಳಿಯುವುದು ಆರ್ಡರ್ ರದ್ದು ಮಾಡುವ ಅಥವಾ ದರ ಕಡಿತ ಕೇಳುವ ದಾರಿ ಮಾತ್ರ. ಹೇಗಾದರೂ ಮಾಡಿ ಮುಗಿಸೋಣ ಎಂದು ಸುಮ್ಮನಿರುವುದು ಘಟಕಗಳಲ್ಲಿ ಕಾಣುವ ದೊಡ್ಡ ತಪ್ಪು.

ಹೊಸ ದಿನಾಂಕವನ್ನು ಅಂದಾಜಿನಲ್ಲಿ ಹೇಳಬಾರದು. ಕತ್ತರಿಸಲು 2 ದಿನ, ದಿನಕ್ಕೆ 1,000ದಂತೆ ಹೊಲಿಯಲು 5 ದಿನ, ಇಸ್ತ್ರಿ, ತಪಾಸಣೆ ಮತ್ತು ಪ್ಯಾಕಿಂಗ್‌ಗೆ 3 ದಿನ, ಚೆನ್ನೈ ಸಾಗಣೆ ಮತ್ತು ಕಸ್ಟಮ್ಸ್‌ಗೆ 3 ದಿನ. ಒಟ್ಟು 13 ದಿನಗಳಿಗೆ ಎರಡು ಭಾನುವಾರ ಸೇರಿದರೆ ಜೂನ್ 23. ಹಡಗಿಗಾಗಿ ಎರಡು ದಿನ ಬಿಡುವಿಟ್ಟು ಜೂನ್ 25 ಎಂದು ಬರೆದರೆ ಆ ಮಾತು ನಿಲ್ಲುತ್ತದೆ. ಖರೀದಿದಾರನನ್ನು ಸಮಾಧಾನಪಡಿಸಲು ಜೂನ್ 20 ಎಂದು ಬರೆದು ಮತ್ತೆ ತಪ್ಪಿದರೆ, ಎರಡನೆಯ ಪತ್ರವನ್ನು ಯಾರೂ ನಂಬುವುದಿಲ್ಲ.

ಹಣ ಲೆಟರ್ ಆಫ್ ಕ್ರೆಡಿಟ್ ಮೂಲಕ ಬರುವುದಾದರೆ ಇನ್ನೊಂದು ಎಚ್ಚರ ಬೇಕು. ಬ್ಯಾಂಕ್ ನೋಡುವುದು ದಾಖಲೆಗಳನ್ನು ಮಾತ್ರ. ಖರೀದಿದಾರ ಇಮೇಲ್‌ನಲ್ಲಿ ಒಪ್ಪಿದ್ದರೂ, ಬಿಲ್ ಆಫ್ ಲೇಡಿಂಗ್‌ನಲ್ಲಿ ಜೂನ್ 25 ಎಂದಿದ್ದರೆ ದಾಖಲೆಯಲ್ಲಿ ದೋಷವಿದೆ ಎಂದು ಬ್ಯಾಂಕ್ ಹಣ ತಡೆಯಬಹುದು. ಹಾಗಾಗಿ ಕೊನೆಯ ಸಾಗಣೆ ದಿನಾಂಕವನ್ನೂ, ಅಗತ್ಯವಿದ್ದರೆ ಕ್ರೆಡಿಟ್‌ನ ಅವಧಿಯನ್ನೂ ತಿದ್ದಿಸಿಕೊಡಿ ಎಂಬ ಕೋರಿಕೆ ಅದೇ ಪತ್ರದಲ್ಲಿರಬೇಕು. ತಿದ್ದುಪಡಿಗೆ ಕ್ರೆಡಿಟ್ ನೀಡಿದ ಬ್ಯಾಂಕಿನ ಒಪ್ಪಿಗೆ ಬೇಕು. ಬಿಳಿ ಶರ್ಟುಗಳನ್ನು ಮಾತ್ರ ಸಮಯಕ್ಕೆ ಕಳಿಸುವುದಕ್ಕೆ ಅಡ್ಡಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬ್ಯಾಂಕುಗಳು ಪಾಲಿಸುವ ಯುಸಿಪಿ 600 ನಿಯಮಗಳ ಪ್ರಕಾರ, ಕ್ರೆಡಿಟ್‌ನಲ್ಲಿ ನಿಷೇಧವಿಲ್ಲದಿದ್ದರೆ ಭಾಗಶಃ ಸಾಗಣೆಗೆ ಅವಕಾಶವಿದೆ.

ಕ್ಷಮೆಯ ಮಾತು ಚಿಕ್ಕದಾಗಿದ್ದರೆ ಸಾಕು. ‘5,000 ನೀಲಿ ಶರ್ಟುಗಳು ಹತ್ತು ದಿನ ತಡವಾಗುತ್ತವೆ. ಹೊಣೆ ನಮ್ಮದು, ಕ್ಷಮೆ ಕೋರುತ್ತೇವೆ.’ ತಪ್ಪು ಡೈಯಿಂಗ್ ಘಟಕದ್ದು ಎಂದು ದೂರುವುದರಿಂದ ಪ್ರಯೋಜನವಿಲ್ಲ, ಆ ಘಟಕವನ್ನು ಆರಿಸಿದ್ದು ರಫ್ತುದಾರನೇ. ಪ್ರವಾಹ, ಯುದ್ಧದಂಥ ಅನಿವಾರ್ಯ ಕಾರಣಗಳಿಗೆ ಒಪ್ಪಂದದಲ್ಲಿ ಇಟ್ಟಿರುವ ವಿನಾಯಿತಿಯನ್ನು ಬಣ್ಣದ ದೋಷಕ್ಕೆ ಎಳೆದು ತರುವುದೂ ಸಲ್ಲದು. ಪರಿಹಾರವಾಗಿ ದರ ಕಡಿತ ಕೊಡುವುದೋ, ಸ್ವಲ್ಪ ಸರಕನ್ನು ತನ್ನ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸುವುದೋ ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಬರೆಯಬೇಕು. ವಿಮಾನ ಸಾಗಣೆಗೆ ದಾಖಲೆ ಬೇರೆಯಾದ್ದರಿಂದ ಅದಕ್ಕೂ ಕ್ರೆಡಿಟ್ ತಿದ್ದುಪಡಿ ಬೇಕಾಗುತ್ತದೆ.

ಇನ್ನು ಸರಿಪಡಿಕೆ ಕ್ರಮ. ಮತ್ತೆ ಬಣ್ಣ ಹಾಕಿಸಿದ್ದು ಈ ಆರ್ಡರಿನ ದೋಷವನ್ನಷ್ಟೇ ಸರಿಪಡಿಸುತ್ತದೆ, ಮೂಲ ಕಾರಣ ಉಳಿದೇ ಇರುತ್ತದೆ. ಏಕೆ ಎಂದು ಕೇಳುತ್ತ ಹೋದರೆ ಅದು ಸಿಗುತ್ತದೆ. ಬಣ್ಣ ಗಾಢವಾದದ್ದು ಗೊತ್ತಾಗಿದ್ದು ಪೂರ್ತಿ ಬಟ್ಟೆ ಬಂದ ಮೇಲೆ. ಮೊದಲೇ ಏಕೆ ಗೊತ್ತಾಗಲಿಲ್ಲ? ಪ್ರಯೋಗಾಲಯದ ಚಿಕ್ಕ ತುಂಡಿಗೆ ಒಪ್ಪಿಗೆ ಪಡೆದಿದ್ದರು, ದೊಡ್ಡ ಪ್ರಮಾಣದ ಮೊದಲ ಲಾಟಿನ ತುಂಡನ್ನು ಯಾರೂ ತರಿಸಿಕೊಳ್ಳಲಿಲ್ಲ. ಏಕೆ? ಆರ್ಡರಿನ ದಿನಸೂಚಿಯಲ್ಲಿ ಆ ಹಂತಕ್ಕೆ ದಿನಾಂಕವೂ ಇರಲಿಲ್ಲ, ಹೊಣೆಗಾರರೂ ಇರಲಿಲ್ಲ.

ಇಲ್ಲಿಗೆ ಬಂದಾಗ ಬರೆಯಬೇಕಾದ ವಾಕ್ಯ ತಾನೇ ಸಿಗುತ್ತದೆ: ‘ಮೊದಲ ಲಾಟಿನ ತುಂಡನ್ನು ಗುಣಮಟ್ಟ ವಿಭಾಗದ ಮುಖ್ಯಸ್ಥರು ನೋಡಿ ಸಹಿ ಹಾಕುವವರೆಗೆ ಉಳಿದ ಬಟ್ಟೆಗೆ ಬಣ್ಣ ಹಾಕುವುದಿಲ್ಲ. ಜುಲೈ 1ರಿಂದ ಇದು ಜಾರಿ.’ ‘ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇವೆ’ ಎಂಬ ವಾಕ್ಯವನ್ನು ಖರೀದಿದಾರ ಪರೀಕ್ಷಿಸಿ ನೋಡಲಾರ. ಸಹಿ ಇರುವ ತುಂಡನ್ನು ಪರೀಕ್ಷಿಸಬಲ್ಲ. ಮುಂದಿನ ಆರ್ಡರಿನಲ್ಲಿ ಆ ತುಂಡಿನ ಚಿತ್ರವನ್ನು ಕೇಳದೆಯೇ ಕಳಿಸಬೇಕು, ಅದು ತಲುಪಿದ ಮೇಲಷ್ಟೇ ಈ ಪತ್ರದ ಕೆಲಸ ಮುಗಿಯುತ್ತದೆ.