ಮನಸ್ಸು ಒಂದು ಗಳಿಗೆಯಲ್ಲಿ, ಕೈ ಇನ್ನೊಂದು ಗಳಿಗೆಯಲ್ಲಿ

ಮಳೆಗಾಲದ ಮದುವೆ. ಛತ್ರದ ಬಾಗಿಲ ಪಕ್ಕ ಹತ್ತಿಪ್ಪತ್ತು ಕಪ್ಪು ಛತ್ರಿಗಳು ಗೋಡೆಗೆ ಒರಗಿವೆ. ಊಟ ಮುಗಿಸಿ ಹೊರಟ ರಾಮಣ್ಣ ತನ್ನದೇ ಅಂದುಕೊಂಡು ಶಾಮಣ್ಣನ ಛತ್ರಿ ಎತ್ತಿಕೊಂಡು ಹೋದ. ಶಾಮಣ್ಣ ತೊಯ್ದು ತೊಪ್ಪೆಯಾಗಿ ಮನೆ ಸೇರಿದ. ರಾಮಣ್ಣ ಕಳ್ಳನೇ?

ಅಲ್ಲ. ಬೇರೆಯವರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಒಯ್ದದ್ದು ನಿಜ. ಅದು ಕೃತ್ಯ. ವಕೀಲರು ಲ್ಯಾಟಿನ್ನಿನಲ್ಲಿ ‘ಆಕ್ಟಸ್ ರಿಯಸ್’ ಅನ್ನುತ್ತಾರೆ. ಆದರೆ ಕಳ್ಳತನವಾಗಲು ಅಪ್ರಾಮಾಣಿಕ ಉದ್ದೇಶವೂ ಬೇಕು, ಅದು ‘ಮೆನ್ಸ್ ರಿಯಾ’. ಅದೇ ಛತ್ರದಲ್ಲಿ ಇನ್ನೊಬ್ಬ ಕೂತು, ಒಂದು ಒಳ್ಳೆಯ ಛತ್ರಿಯ ಮೇಲೆ ಕಣ್ಣಿಟ್ಟು, ಕದಿಯಬೇಕೆಂದು ಗಟ್ಟಿಯಾಗಿ ನಿಶ್ಚಯಿಸಿ, ಕೊನೆಗೆ ಕೈ ಹಾಕದೆ ಎದ್ದು ಹೋದರೆ? ಅವನನ್ನೂ ಕಾನೂನು ಮುಟ್ಟುವುದಿಲ್ಲ.

ಕಾನೂನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಲ್ಲಿಗೆ ಉತ್ತರ ನಿಲ್ಲಿಸುತ್ತಾರೆ: ಕೃತ್ಯ ಇರಬೇಕು, ಕೆಟ್ಟ ಮನಸ್ಸೂ ಇರಬೇಕು. ಆದರೆ ಎರಡೂ ಇದ್ದರೆ ಸಾಲದು, ಒಂದೇ ಹೊತ್ತಿನಲ್ಲಿ ಕೂಡಬೇಕು. ಇದೇ ತೊಡಕಿನ ಭಾಗ, ಅದನ್ನು ಬಿಡಿಸಿ ತೋರಿಸಲು ಮದ್ರಾಸ್ ಹೈಕೋರ್ಟಿನ 1919ರ ಪಳನಿ ಗೌಂಡನ್ ಪ್ರಕರಣಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಗಂಡ ನೇಗಿಲ ಗುಳದಿಂದ ಹೆಂಡತಿಯ ತಲೆಗೆ ಹೊಡೆದ. ಅವಳು ಪ್ರಜ್ಞೆ ತಪ್ಪಿ ಬಿದ್ದಳು. ಸತ್ತೇ ಹೋದಳೆಂದು ಅವನು ನಂಬಿದ. ಆತ್ಮಹತ್ಯೆಯಂತೆ ಕಾಣಲಿ ಎಂದು ಅವಳನ್ನು ಹಗ್ಗದಿಂದ ತೊಲೆಗೆ ನೇತುಹಾಕಿದ. ಆದರೆ ಅವಳು ಸತ್ತಿರಲಿಲ್ಲ. ಅವಳ ಪ್ರಾಣ ತೆಗೆದದ್ದು ಏಟಲ್ಲ, ಆ ನೇಣು.

ಕೊಲೆ ತಾನೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಪೂರ್ಣ ಪೀಠ ಕೊಲೆಯಲ್ಲ ಎಂದಿತು. ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿರುವ ದಂಡನೀಯ ನರಹತ್ಯೆಯೂ ಅಲ್ಲ ಎಂದಿತು. ಅವನಿಗೆ ಅಂಟಿದ್ದು ತೀವ್ರ ಗಾಯದ ಅಪರಾಧ ಮಾತ್ರ.

ಎರಡು ಗಳಿಗೆಗಳನ್ನು ಬೇರೆಬೇರೆ ಇಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಏಟು ಹಾಕಿದಾಗ ಅವನಿಗೆ ಕೊಲ್ಲುವ ಉದ್ದೇಶವಿತ್ತೆಂದು ಸಾಬೀತಾಗಲಿಲ್ಲ. ಅಲ್ಲಿದ್ದದ್ದು ಹೊಡೆಯುವ ಮನಸ್ಸು, ಸಾವು ತರದ ಕೃತ್ಯ. ನೇಣು ಹಾಕಿದಾಗಿನ ಕೃತ್ಯ ಸಾವು ತಂದಿತು, ಆದರೆ ಅವನ ತಿಳಿವಳಿಕೆಯಲ್ಲಿ ಅವನ ಕೈಯಲ್ಲಿದ್ದದ್ದು ಹೆಣ. ಹೆಣವನ್ನು ಕೊಲ್ಲಬೇಕೆಂದು ಯಾರೂ ಉದ್ದೇಶಿಸಲಾರರು. ಸುಳ್ಳು ಸಾಕ್ಷ್ಯ ಹುಟ್ಟಿಸುವ ಮನಸ್ಸು ಇತ್ತು, ಕೊಲ್ಲುವ ಮನಸ್ಸಲ್ಲ. ಬದುಕಿದ್ದಾಳೋ ಇಲ್ಲವೋ ಎಂದು ನೋಡದೆ ಹೋದ ಅಜಾಗರೂಕತೆ ಬೇರೆಯೇ ಪ್ರಶ್ನೆ. ತರಗತಿಯಲ್ಲಿ ಇದನ್ನು ಕೇಳಿದವರು ಸಿಟ್ಟಾಗುತ್ತಾರೆ, ನನಗೂ ಮೊದಲ ಓದಿನಲ್ಲಿ ಹೊಟ್ಟೆ ಉರಿದಿತ್ತು. ಆದರೂ ತರ್ಕದಲ್ಲಿ ಬಿರುಕು ಹುಡುಕಲು ಆಗಲಿಲ್ಲ.

ಹಾಗಾದರೆ ಹೊಡೆದು, ಹೆಣವೆಂದು ನಂಬಿ ಎಸೆದೆ ಎಂದವರೆಲ್ಲ ಪಾರಾಗುತ್ತಾರೆಯೇ? ಇಲ್ಲ. 1954ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಆಫ್ರಿಕಾದ ಬಸುಟೊಲ್ಯಾಂಡ್‌ನಿಂದ, ಅಂದರೆ ಇಂದಿನ ಲೆಸೊಥೊದಿಂದ, ಥಾಬೊ ಮೇಲಿ ಪ್ರಕರಣ ಬಂತು. ನಾಲ್ವರು ಮೊದಲೇ ಸಂಚು ಹೂಡಿ ಒಬ್ಬನನ್ನು ಗುಡಿಸಲಲ್ಲಿ ತಲೆಗೆ ಹೊಡೆದು ಕೆಡವಿದರು. ಸತ್ತನೆಂದು ನಂಬಿ, ಅಪಘಾತವೆನಿಸಲಿ ಎಂದು ಬಂಡೆಯ ಕೆಳಗೆ ಉರುಳಿಸಿದರು. ಅವನು ಏಟಿನಿಂದ ಸಾಯಲಿಲ್ಲ, ಅಲ್ಲಿ ಬಯಲಿನಲ್ಲಿ ಅನಾಥವಾಗಿ ಬಿದ್ದು ಸತ್ತ. ಆರೋಪಿಗಳ ವಾದ ಪಳನಿ ಗೌಂಡನ್‌ನದೇ. ಆದರೆ ಇಲ್ಲಿ ಕೊಲ್ಲುವ ಸಂಕಲ್ಪ ಮೊದಲ ಏಟಿಗೂ ಮುಂಚೆ ಇತ್ತು, ಉರುಳಿಸಿದ್ದೂ ಅದೇ ಸಂಚಿನ ಭಾಗ. ಇಡೀ ಘಟನೆ ಒಂದೇ ವ್ಯವಹಾರ, ಅದನ್ನು ತುಂಡು ಮಾಡಲಾಗದು ಎಂದ ನ್ಯಾಯಾಲಯ ಕೊಲೆಯ ತೀರ್ಪನ್ನು ಎತ್ತಿಹಿಡಿಯಿತು.

ಹೀಗಾಗಿ ಇಂಥ ಪ್ರಕರಣದಲ್ಲಿ ಮೊದಲು ಹುಡುಕಬೇಕಾದದ್ದು ಒಂದೇ: ಮೊದಲ ಏಟು ಬಿದ್ದಾಗ ಮನಸ್ಸಿನಲ್ಲಿ ಏನಿತ್ತು? ಮನಸ್ಸನ್ನು ಬಗೆದು ನೋಡಲಾಗದು, ಹೊರಗಿನ ಗುರುತುಗಳಿಂದ ಊಹಿಸಬೇಕು. ಆಯುಧ ಯಾವುದು, ಏಟು ದೇಹದ ಯಾವ ಭಾಗಕ್ಕೆ, ಎಷ್ಟು ಏಟು, ಹಳೆಯ ದ್ವೇಷವಿತ್ತೇ, ಆಯುಧ ಮನೆಯಿಂದ ತಂದದ್ದೋ ಜಗಳದ ನಡುವೆ ಕೈಗೆ ಸಿಕ್ಕಿದ್ದೋ. ಒಂದೊಂದೇ ಗುರುತು ನಿರ್ಣಾಯಕವಲ್ಲ, ಎಲ್ಲ ಸೇರಿ ಒಂದು ಚಿತ್ರ ಮೂಡಬೇಕು.

ಛತ್ರಿಯ ಕಥೆ ಅಷ್ಟಕ್ಕೇ ಮುಗಿದಿಲ್ಲ. ಮನೆಗೆ ಹೋಗಿ ನೋಡಿದ ರಾಮಣ್ಣನಿಗೆ ಹಿಡಿಕೆಯ ಮೇಲೆ ಶಾಮಣ್ಣನ ಹೆಸರು ಕಂಡಿತು. ‘ಹೋಗಲಿ, ಯಾರಿಗೆ ಗೊತ್ತಾಗುತ್ತೆ’ ಎಂದು ತಾನೇ ಇಟ್ಟುಕೊಂಡ. ಈಗಲೂ ಅದು ಕಳ್ಳತನವಲ್ಲ, ಏಕೆಂದರೆ ಒಯ್ಯುವ ಗಳಿಗೆಯಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಆದರೆ ಗೊತ್ತಾದ ಮೇಲೆ ಇಟ್ಟುಕೊಂಡದ್ದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನ ಅಪ್ರಾಮಾಣಿಕ ದುರ್ವಿನಿಯೋಗ. ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಸೆರೆ, ಜೊತೆಗೆ ದಂಡ.